ಗ್ರಾಂಟ್ ರೋಡಿನ ತಾಜಮಹಲು

ನಮ್ಮಪ್ಪ ಸುಳ್ಳು ಹೇಳುವವರಲ್ಲ. ನಿಜಕ್ಕೇ ಸ್ವಲ್ಪ ಇಸ್ತ್ರಿ ಹಾಕಿ ಹೇಳುವವರು, ಅಷ್ಟೆ. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂತು ಬಿಲ್ಲಿನ ದುಡ್ಡು ಎಣಿಸಿಕೊಳ್ಳುತ್ತಿದ್ದರು. ಐವತ್ತರ ದಶಕದ ಒಂದು ಮಧ್ಯಾಹ್ನ ನನ್ನನ್ನೂ ಅಮ್ಮನನ್ನೂ ಹತ್ತಿರದ ಫೋಟೋ ಸ್ಟುಡಿಯೋಗೆ ಕರೆದೊಯ್ದರು. ಅಲ್ಲಿ ಗಳಕ್ಕೆ ಸುತ್ತಿದ ಪರದೆಯೊಂದಿತ್ತು. ಹಗ್ಗ ಸಡಿಲಿಸಿದರೆ ಕೊಳ, ಮಿನಾರುಗಳ ಸಮೇತ ತಾಜಮಹಲು ಇಳಿದು ಬರುತ್ತಿತ್ತು, ಎಲ್ಲ ಬೂದುಬಣ್ಣದಲ್ಲೇ.

ಫೋಟೋದವನು ಬಲು ಚಾಲಾಕಿ. ನಮ್ಮ ನೆರಳು ಗುಮ್ಮಟದ ಮೇಲೆ ಬೀಳದಂತೆ ಪರದೆಯಿಂದ ದೂರ ನಿಲ್ಲಿಸಿದ. ಚಿತ್ರದಲ್ಲಿ ಬಿಸಿಲು ಎಡದಿಂದ ಬಿದ್ದಿದ್ದರಿಂದ ದೊಡ್ಡ ದೀಪವನ್ನೂ ಎಡಕ್ಕೇ ಇಟ್ಟ. ಪರದೆ ನೆಲಕ್ಕೆ ತಾಗುವ ಗೆರೆಯನ್ನು ಹೂಕುಂಡಗಳಿಂದ ಮುಚ್ಚಿದ. ಕ್ಯಾಮೆರಾವನ್ನು ನಮ್ಮ ಮುಖಕ್ಕೆ ಹೊಂದಿಸಿದ್ದರಿಂದ ಹಿಂದಿನ ಕುಂಚದ ಗೀಟುಗಳೆಲ್ಲ ಮಸುಕಾಗಿ, ತಾಜಮಹಲು ನಿಜಕ್ಕೂ ದೂರದಲ್ಲಿರುವಂತೆ ಕಂಡಿತು. ಅಪ್ಪನಂತೂ ಷಹಜಹಾನನ ಭಾವಮೈದುನನ ಗತ್ತಿನಲ್ಲಿ ನಿಂತಿದ್ದರು.

ಪ್ರಿಂಟಿನ ಹಿಂದೆ ‘ತಾಜಮಹಲಿನ ಎದುರು ನಾವು’ ಎಂದು ಬರೆದು ಊರಲ್ಲಿದ್ದ ಅಜ್ಜಿಗೆ, ಅಂದರೆ ತಮ್ಮ ಅಮ್ಮನಿಗೆ, ಕಳಿಸಹೊರಟರು.

“ಪರದೆ ಅಂತ ಬರೀರಿ,” ಎಂದಳು ಅಮ್ಮ.

“ಆಗ್ರಾ ಅಂತ ನಾನು ಬರ್ದೆನಾ? ಎದುರೇ ನಿಂತದ್ದಲ್ವಾ?”

ಒಂದು ತಿಂಗಳಲ್ಲಿ ಚಿಕ್ಕಪ್ಪ ಊರಿಂದ ಸ್ಟೀಮರಿನಲ್ಲಿ ಬಂದಿಳಿದರು. ಚಾಳಿನ ನಮ್ಮ ಖೋಲಿಗೆ ಬಂದವರು ಕೂರಲೂ ಇಲ್ಲ.

“ಅಣ್ಣಾ, ಎಂತ ಮಾಡಿದ್ದು ನೀನು? ಫೋಟೋ ನೋಡಿದ ಮೇಲೆ ಅಮ್ಮ ಸರಿ ಊಟ ಮಾಡ್ಲಿಲ್ಲ. ತನ್ನ ಕಣ್ಣಿನ ಆಪರೇಶನ್ನಿಗೆ ಬರ್ಲಿಕ್ಕೆ ರಜೆ ಇಲ್ಲ ಅಂದವನಿಗೆ ಆಗ್ರಾ ತಿರುಗ್ಲಿಕ್ಕೆ ರಜೆ ಉಂಟಾ ಅಂತ ಕೇಳ್ತಾಳೆ.”

“ಅಯ್ಯೋ ಮಾರಾಯ, ಅದು ಬಟ್ಟೆ!” ಎಂದರು ಅಪ್ಪ. ಮುಖ ಹುಳ್ಳಗಾಗಿತ್ತು. ನನಗೆ ನಗು ಬಂತು, ಅಜ್ಜಿಯನ್ನು ನೆನೆದು ಸಂಕಟವೂ ಆಯಿತು.

ಮರುದಿನ ಎಲ್ಲರೂ ಮತ್ತೆ ಸ್ಟುಡಿಯೋಗೆ. ಪರದೆಯನ್ನು ಅರ್ಧ ಮೇಲೆತ್ತಿ, ದೀಪ, ಹಗ್ಗ ಎಲ್ಲ ಕಾಣುವ ಹಾಗೆ ಕ್ಯಾಮೆರಾ ಹಿಂದೆ ಸರಿಸಿ ತೆಗಿ ಎಂದು ಅಪ್ಪ ಹಠ ಹಿಡಿದರು.

“ಸೇಠ್, ಮೇರಾ ಧಂಧಾ ಬಂದ್ ಕರೋಗೆ ಕ್ಯಾ?” ಗುಟ್ಟು ಬಯಲಾದರೆ ವ್ಯಾಪಾರವೇ ಮುಚ್ಚೀತೆಂದು ಫೋಟೋದವನು ಗೊಣಗಿದರೂ ತೆಗೆದ. ಕೊಳ ಸುತ್ತಿಕೊಂಡು ಮೇಲೆ ಹೋಗಿತ್ತು. ಗುಮ್ಮಟ ಮಾತ್ರ ನೇತಾಡುತ್ತಿತ್ತು, ಅದರ ಕೆಳಗೆ ಗಾರೆ ಕಿತ್ತ ಗೋಡೆ. ಈ ಸಲ ಹಿಂದೆ ಅಪ್ಪ ‘ಇದು ಗ್ರಾಂಟ್ ರೋಡಿನ ಪರದೆ. ಆಗ್ರಾ ನಾವು ನೋಡಿಯೇ ಇಲ್ಲ’ ಎಂದು ಬರೆದರು. ಚಿಕ್ಕಪ್ಪ ಅದನ್ನು ಊರಿಗೆ ಒಯ್ದರು.

ಅಜ್ಜಿ ಹೇಳಿ ಬರೆಸಿದ ಕಾರ್ಡು ಬಂತು. ಅಮ್ಮ ಗಟ್ಟಿಯಾಗಿ ಓದಿದಳು: “ಫೋಟೋ ನೋಡಿ ನಕ್ಕು ನಕ್ಕು ಸಾಕಾಯಿತು. ಆಗ್ರಾ ಬಟ್ಟೆಯದು ಅಂತ ಗೊತ್ತಾಯಿತು ಮಗಾ. ರಜೆ ಇಲ್ಲ ಅಂದದ್ದು?”

ಗಲ್ಲೆಯಲ್ಲಿ ಬೇರೆಯವರು ಕೂತುಬಿಟ್ಟಾರೆಂಬ ಹೆದರಿಕೆಗೆ ಅಪ್ಪ ಹೋಟೆಲಿನ ಧಣಿಗಳ ಹತ್ತಿರ ರಜೆ ಕೇಳಿಯೇ ಇರಲಿಲ್ಲ. ಅಂಗಿ ತೊಟ್ಟು, ಕೇಳಲು ಹೊರಟರು.