ಸೊನ್ನೆ ಅಣ್ಣನ ಅಮ್ಮೀಟರು

ಮೀಟರುಗಳ ಜೊತೆ ಮಾತಾಡುವ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಇದ್ದ. ಆತ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನ ಮೆಕ್ಯಾನಿಕ್. ದಿನಾ ಬೆಳಿಗ್ಗೆ ಬೀರು ತೆಗೆದು, ಒಂದೊಂದು ಮೀಟರನ್ನೂ ಮೇಜಿನ ಮೇಲಿಟ್ಟು, ಗಾಜಿಗೆ ಉಗುರಿನಿಂದ ಎರಡು ಸಲ ಟಕಟಕ ಬಡಿಯುತ್ತಿದ್ದ. ಆಮೇಲೆ ಮೂಗು ತಾಗುವಷ್ಟು ಬಾಗಿ ಒಳಗೆ ನೋಡಿ ತಲೆಯಾಡಿಸುತ್ತಿದ್ದ. ರಾಜರು ದಂಡು ಪರೀಕ್ಷಿಸುವಾಗಲೂ ಅಷ್ಟು ಗಾಂಭೀರ್ಯ ಇರಲಿಕ್ಕಿಲ್ಲ. ಮೋಟಾರು ಸುಡುವ ಹಿಂದಿನ ದಿನವೇ ಮೀಟರು ಅವನ ಕಿವಿಯಲ್ಲಿ ಹೇಳುತ್ತದೆ ಎಂದು ಸೀನಿಯರುಗಳು ಜೂನಿಯರುಗಳಿಗೆ ಹೇಳುತ್ತಿದ್ದರು. ವಿದ್ಯಾರ್ಥಿಗಳ ಕೈಗೆ ಮೀಟರು ಕೊಡುವಾಗ ಆತ ಆಡುತ್ತಿದ್ದುದು ಒಂದೇ ಮಾತು: "ಮೊದ್ಲು ಸೊನ್ನೆ ನೋಡ್ಕೊಳ್ಳಿ." ವೈರು ಜೋಡಿಸುವ ಮೊದಲು ಸೂಜಿ ಸೊನ್ನೆಯ ಮೇಲಿರಬೇಕು; ಮುಂದಿದ್ದರೆ ಅಷ್ಟನ್ನು ಪ್ರತಿ ರೀಡಿಂಗಿನಿಂದ ಕಳೆಯಬೇಕು. ಆ ಮಾತಿನಿಂದಲೇ ಅವನ ಹೆಸರು ಸೊನ್ನೆ ಅಣ್ಣ.

ಅವನ ಮಾತನ್ನು ಕೇಳಿದವಳು ಒಬ್ಬಳೇ. ದರ್ಜಿಯ ಮಗಳು. ಅಪ್ಪ ಅಳತೆ ಪಟ್ಟಿ ಹಿಡಿಯುವುದನ್ನು ನೋಡುತ್ತಲೇ ಬೆಳೆದವಳಿಗೆ ಅಳೆಯದೆ ಬರೆಯಲು ಕೈ ಬರುತ್ತಿರಲಿಲ್ಲ. ಮೋಟಾರಿನ ಲೋಡ್ ಟೆಸ್ಟಿನ ದಿನ ಜೊತೆಯ ಮೂವರು ಕ್ಯಾಂಟೀನಿಗೆ ನಡೆದರು.

"ಬಾರೇ, ತಾಯಿ ರೆಕಾರ್ಡ್ ಇದೆಯಲ್ಲ! ನೀನೇನು ಮೋಟಾರ್ ಕಂಡುಹಿಡೀತೀಯಾ?"

ತಾಯಿ ರೆಕಾರ್ಡ್ ಎಂದರೆ ಎಂದೋ ಪಾಸಾಗಿ ಹೋದ ಪುಣ್ಯಾತ್ಮನೊಬ್ಬನ ಪ್ರಯೋಗದ ಪುಸ್ತಕ. ಅದರ ನಕಲಿನಿಂದ ಮಕ್ಕಳು, ಮೊಮ್ಮಕ್ಕಳು ಹುಟ್ಟಿ, ಈಗ ಇಡೀ ತರಗತಿಯ ರೆಕಾರ್ಡುಗಳಿಗೆ ಒಂದೇ ಮುಖ. ಮೇಷ್ಟ್ರು ವಾರಕ್ಕೊಮ್ಮೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಅವಳು ಮಾತ್ರ ಮೋಟಾರಿಗೆ ಭಾರ ಹೇರುವ ಬ್ರೇಕ್ ಡ್ರಮ್ಮಿನ ಪಟ್ಟಿ ಬಿಗಿಮಾಡುತ್ತಾ, ಸೂಜಿ ನೋಡುತ್ತಾ, ತನ್ನ ಅಂಕಿಗಳನ್ನೇ ಬರೆದುಕೊಂಡಳು.

ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದರು. ಇಪ್ಪತ್ತು ಪುಸ್ತಕ ತಿರುವಿ, ಇಪ್ಪತ್ತೊಂದನೆಯದರಲ್ಲಿ ಬೆರಳು ನಿಲ್ಲಿಸಿದರು.

"ಏನಮ್ಮಾ, ಎಲ್ಲರೂ ಕರೆಂಟಿನ ಪ್ರತಿ ರೀಡಿಂಗಿನಲ್ಲೂ ಪಾಯಿಂಟ್ ಎರಡು ಕಳೆದಿದ್ದಾರೆ. ‘ಅಮ್ಮೀಟರಿನ ಸೊನ್ನೆ ದೋಷ’ ಅಂತ ಕಾಲಂ ಹಾಕಿದ್ದಾರೆ. ನೀನು ಕಳೆದೇ ಇಲ್ಲ. ಪ್ರಯೋಗ ಮಾಡಿದ್ದೀಯೋ, ಮನೇಲಿ ಕೂತು ಬರೆದಿದ್ದೀಯೋ?"

ಮರೆತೆ ಸರ್ ಅಂದರೆ ನಾಲ್ಕು ಅಂಕ ಹೋಗಿ ಕೆಲಸ ಮುಗಿಯುತ್ತಿತ್ತು. ಮರೆತಿಲ್ಲ ಅಂದರೆ ಇಪ್ಪತ್ತು ಪುಸ್ತಕಗಳ ಎದುರು ಒಬ್ಬಳೇ. ಸುಳ್ಳುಗಾತಿ ಅನಿಸಿಕೊಂಡರೆ ಫೇಲು, ಇನ್ನೊಂದು ವರ್ಷ.

"ಸೂಜಿ ಸೊನ್ನೆ ಮೇಲೇ ಇತ್ತು ಸರ್. ನಾನು ನೋಡಿದೀನಿ."

ಪರೀಕ್ಷಕರು ಹುಬ್ಬೇರಿಸಿ, ಮೊದಲ ಬೆಂಚಿನವನ ಕಡೆ ತಿರುಗಿದರು. "ನೀನು ಹೇಳಪ್ಪಾ, ಆ ಪಾಯಿಂಟ್ ಎರಡನ್ನ ಎಲ್ಲಿ ನೋಡಿದೆ?"

"ಕ್ಯಾಲ್ಕುಲೇಟರಲ್ಲಿ ಸರ್."

"ಮೋಟಾರ್ ನಡೆಯುವಾಗ ನೋಡಿದೆಯೋ, ನಿಂತಾಗ ನೋಡಿದೆಯೋ?"

"ಊಟಕ್ಕೆ ಮೊದ್ಲು ಸರ್."

ಮೇಷ್ಟ್ರಿಗೆ ಕಿಟಕಿಯ ಹೊರಗೆ ತುರ್ತಾಗಿ ಏನೋ ಕಂಡಿತು. ಪರೀಕ್ಷಕರು ಎದ್ದರು. "ರೀ ಮೆಕ್ಯಾನಿಕ್, ಆ ಅಮ್ಮೀಟರ್ ತನ್ನಿ."

ಸೊನ್ನೆ ಅಣ್ಣ ಬೀರುವಿನಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ವೈರಿಲ್ಲದ ಮೀಟರನ್ನು ಮೇಜಿನ ಮೇಲಿಟ್ಟ. ಟಕಟಕ. ಸೂಜಿ ಒಮ್ಮೆ ನಡುಗಿ, ನೆಟ್ಟಗೆ ಸೊನ್ನೆಯ ಮೇಲೆ ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಪ್ಪತ್ತು ಪುಸ್ತಕಗಳ ಪಾಯಿಂಟ್ ಎರಡು ಆ ಗಾಜಿನೊಳಗೆ ಎಲ್ಲಿಯೂ ಇರಲಿಲ್ಲ. ಇಷ್ಟು ಸಣ್ಣ ಸೂಜಿ ಇಷ್ಟು ದೊಡ್ಡ ಸಾಕ್ಷಿ ಹೇಳುತ್ತದೆ ಎಂದು ಹುಡುಗಿಗೆ ಗೊತ್ತಿರಲಿಲ್ಲ.

"ಪಾಯಿಂಟ್ ಎರಡು ತೋರಿಸ್ತಿದ್ದ ಮೀಟರ್ ಬೇರೆ ಸಾರ್," ಎಂದ ಸೊನ್ನೆ ಅಣ್ಣ. "ಸೊನ್ನೆಗೆ ತರೋ ತಿರುಪೂ ಮುರಿದಿತ್ತು. ಅದು ಗುಜರಿಗೆ ಹೋಗಿ ಮೂರು ವರ್ಷ ಆಯ್ತು."

ಮೂರು ವರ್ಷ ಹಿಂದೆ ಸತ್ತ ಮೀಟರಿನ ಕಾಯಿಲೆಗೆ ಇಪ್ಪತ್ತು ಜನ ಶ್ರದ್ಧೆಯಿಂದ ಔಷಧಿ ಕುಡಿಸಿದ್ದರು! ಪರೀಕ್ಷಕರು ಹುಡುಗಿಯ ಪುಸ್ತಕಕ್ಕೆ ಪೂರ್ತಿ ಅಂಕ ಹಾಕಿದರು. ಉಳಿದವರಿಗೆ ರೆಕಾರ್ಡಿನ ಅಂಕ ಸೊನ್ನೆ. ಒಬ್ಬೊಬ್ಬರೇ ವೈರು ಜೋಡಿಸಿ, ತಮ್ಮ ಎದುರಲ್ಲೇ ರೀಡಿಂಗ್ ತೆಗೆಯಬೇಕು ಎಂದರು. ಮೊದಲ ಬೆಂಚಿನವನು ಬ್ರೇಕ್ ಡ್ರಮ್ಮನ್ನು ಹುಲಿಯನ್ನು ನೋಡುವಂತೆ ನೋಡಿದ.

ಎಲ್ಲ ಮುಗಿದ ಮೇಲೆ ಹುಡುಗಿ ಬೀರುವಿನ ಹತ್ತಿರ ಬಂದು ನಿಂತಳು. ದೇವರ ಎದುರು ನಿಂತವರ ಹಾಗೆ ದನಿ ತಗ್ಗಿಸಿದಳು.

"ಅಣ್ಣಾ, ನಿಜ ಹೇಳಿ. ಬೆಳಿಗ್ಗೆ ಬಗ್ಗಿ ಕೇಳ್ತೀರಲ್ಲ, ಮೀಟರ್ ನಿಮಗೆ ಏನು ಹೇಳುತ್ತೆ?"

ಸೊನ್ನೆ ಅಣ್ಣ ಬೀರುವಿಗೆ ಬೀಗ ಹಾಕಿದ.

"ಏನೂ ಹೇಳಲ್ಲಮ್ಮ. ಆ ಹಳೇದನ್ನ ಒರೆಸ್ತಾ ಬೀಳಿಸಿದ್ದು ನಾನೇ. ಆವತ್ತಿಂದ ಇವೂ ಕೆಟ್ಟಿದಾವೇನೋ ಅಂತ ದಿನಾ ನೋಡ್ಕೋತೀನಿ."