ನನ್ನ ಬಾಯಿಗೆ ಬೇರೆಯವಳ ದನಿ

ನಮ್ಮೂರು ಕಬಿನಿ ಹೊಳೆಯ ಬೀಚನಹಳ್ಳಿ ಹಿನ್ನೀರಿನ ದಡದಲ್ಲಿದೆ. ಹೋದ ವರ್ಷ ಮಲಯಾಳಿ ಸಿನಿಮಾದವರು ಬಂದು ನಮ್ಮ ಕಣದಲ್ಲಿ ಶೂಟಿಂಗ್ ಮಾಡಿದರು. ನಾನು ಹುರುಳಿ ಕೇರುತ್ತಾ ಕೂತಿದ್ದೆ. ಹಾಗೇ ಕೂತಿರಿ, ಹೀರೋ ಬಂದು ದಾರಿ ಕೇಳುತ್ತಾನೆ, ನೀವು ಉತ್ತರ ಹೇಳಿ ಅಂದರು. ಅವರಲ್ಲಿ ಕನ್ನಡ ಬರುವವರೊಬ್ಬರು ಚೀಟಿ ನೋಡಿಕೊಂಡು, "ಆ ಕಡೆ ಹೋಗಬೇಡಿ, ಅಲ್ಲಿ ಆನೆಗಳಿವೆ" ಅಂತ ಹೇಳಿಕೊಟ್ಟರು.

"ಅಂಗ್ಯಾರು ಮಾತಾಡ್ತಾರೆ?" ಅಂದೆ.

"ಸರಿ, ನೀವು ಹೆಂಗೆ ಮಾತಾಡ್ತೀರೋ ಹಂಗೇ ಹೇಳಿ" ಅಂದರು.

ಉದ್ದನೆ ಕೋಲಿಗೆ ಮೈಕು ಕಟ್ಟಿ ನನ್ನ ತಲೆ ಮೇಲೆ ಹಿಡಿದರು. ಸತ್ತ ಮೊಲ ನೇತಾಡಿದ ಹಾಗಿತ್ತು. ನಾನು ಹೀರೋನ ಮುಖ ನೋಡಿ ಹೇಳಿದೆ: "ಲೋ, ಅತ್ತಗೋದ್ರೆ ಆನೆ ತುಳಿದಾಕ್ತದೆ ಕಣ್ಲಾ. ತಿರುಗ್ಸು ಗಾಡಿ." ಒಂದೇ ಸಲಕ್ಕೆ ಸಾಕು ಅಂದರು.

ಇದನ್ನು ನಾನು ಊರಿಗೆಲ್ಲ ಹೇಳಿದ್ದು ನಿಜ. ನನ್ನ ವಾರಗಿತ್ತಿ, ಅಂದರೆ ನಮ್ಮ ಭಾವನ ಹೆಂಡತಿ, ಪಕ್ಕದ ಮನೆಯವಳು, ನಂಬಲಿಲ್ಲ. ಹಾಲಿನ ಡೈರಿ ಮುಂದೆ ಎಲ್ಲರೂ ಕ್ಯಾನ್ ಹಿಡಿದು ನಿಂತಿದ್ದಾಗ ಅಂದಳು: "ಮೊಕ ತೋರಿಸಿರ್ತಾರೆ ಬುಡಮ್ಮಿ. ಈ ಒಡಕು ಗಂಟಲನ್ನ ಯಾರು ಸಿನಿಮಾಕ್ಕೆ ಹಾಕ್ತಾರೆ?"

ನಾನು ಸುಳ್ಳು ಹೇಳುವವಳಲ್ಲ. ಸಿನಿಮಾ ಮೊಬೈಲಲ್ಲಿ, ಟಿವಿಯಲ್ಲಿ ನೋಡುವ ಆಪಿಗೆ ಬಂದಿದೆ ಅಂತ ಮಗ ಹೇಳಿದ ಭಾನುವಾರವೇ ಅವಳನ್ನು ಕರೆದು ಟಿವಿ ಮುಂದೆ ಕೂರಿಸಿದೆ. ಡೈರಿ ಹತ್ತಿರ ನಿಂತಿದ್ದವರಲ್ಲಿ ಇನ್ನೂ ನಾಲ್ಕು ಜನ ಬಂದರು.

ನನ್ನ ಭಾಗ ಬಂತು. ಮುಖ ನನ್ನದೇ, ಮೊರ ನನ್ನದೇ. ಬಾಯಿ ತೆರೆದರೆ ಯಾರೋ ಪೇಟೆ ಹೆಂಗಸು ಜೇನು ಸುರಿದ ಹಾಗೆ, "ಆ ಕಡೆ ಹೋಗಬೇಡಪ್ಪಾ, ಅಲ್ಲಿ ಆನೆಗಳಿವೆ" ಅಂದಳು.

ವಾರಗಿತ್ತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಏನಮ್ಮಿ, ಇಸ್ಟು ನಯವಾಗಿ ನೀನು ಯಾವಾಗ ಮಾತಾಡಿದ್ದೆ?"

"ಇದು ನನ್ನ ದನಿಯಲ್ಲ" ಅಂದೆ.

"ಅದನ್ನೇ ಅಲ್ವಾ ನಾನೂ ಹೇಳಿದ್ದು?"

ಮಗ ರೆಸಾರ್ಟಿನಲ್ಲಿ ಜೀಪ್ ಓಡಿಸುತ್ತಾನೆ, ಎಲ್ಲ ತನಗೇ ಗೊತ್ತು ಅನ್ನೋ ಜಾತಿ. "ಇದು ಕನ್ನಡಕ್ಕೆ ಡಬ್ ಮಾಡಿರೋದು ಕಣವ್ವ, ಎಲ್ಲಾರ ಮಾತ್ನೂ ಬ್ಯಾರೆಯೋರು ಆಡಿರ್ತಾರೆ. ಮಲಯಾಳದಲ್ಲಿ ಹಾಕಿದ್ರೆ ನಿಂದೇ ದನಿ ಬತ್ತದೆ" ಅಂದು ರಿಮೋಟ್ ಎತ್ತಿಕೊಂಡ. ಟಿವಿಯ ಸೆಟ್ಟಿಂಗ್ಸ್‌ಗೆ ಹೋದ, ಆಡಿಯೋ ಭಾಷೆ ಮಲಯಾಳಂ ಅಂತ ಒತ್ತಿದ, ವಾಪಸ್ ಬಂದ. ಮತ್ತೆ ಜೇನು ಹೆಂಗಸೇ. ಟಿವಿ ಆರಿಸಿ ಹಚ್ಚಿದ. ಆಗಲೂ ಅವಳೇ.

"ಆ ಮಲಯಾಳದೋರು ನಿನ್ನ ದನೀನ ಕಬಿನಿಗೆ ಎಸೆದ್ರು ಬುಡು" ಅಂತ ವಾರಗಿತ್ತಿ ಎದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ. "ಕೂತ್ಕೋ ಅಕ್ಕ. ಸೊಸೆ ಬರಲಿ."

ಸೊಸೆಗೂ ಅದೇ ರೆಸಾರ್ಟಿನಲ್ಲಿ ರೂಮು ಚೊಕ್ಕ ಮಾಡುವ ಕೆಲಸ. ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ವಿಷಯ ಕೇಳಿಕೊಂಡು ಗಂಡನನ್ನು ನೋಡಿದಳು.

"ನೀವು ಒತ್ತಿರೋದು ಟಿವೀದು ಕಣ್ರೀ. ಅದು ಚಾನಲ್ಗೆ ಮಾತ್ರ. ಸಿನಿಮಾ ಓಡ್ತಿರೋದು ಆಪಲ್ಲಿ, ಭಾಷೆ ಅದರೊಳಗೇ ಬದಲಾಯಿಸ್ಬೇಕು. ಕೇರಳದ ಗೆಸ್ಟ್‌ಗಳು ದಿನಾ ಇದಕ್ಕೇ ನನ್ನ ಕೂಗ್ತಾರೆ."

"ಮತ್ತೆ ತಾನಾಗೇ ಕನ್ನಡ ಯಾಕೆ ಬಂತು?" ಅಂದ ಮಗ.

"ಆಪಲ್ಲಿ ನಿಮ್ಮ ಹೆಸರಿಗೆ ಕನ್ನಡ ಅಂತ ಹಾಕಿದ್ದೀರಲ್ಲ, ಅದಕ್ಕೇ."

ಸಿನಿಮಾ ಓಡುತ್ತಿರುವಾಗಲೇ ರಿಮೋಟಿನ ಕೆಳಗಿನ ಬಾಣ ಒತ್ತಿದಳು. ಪರದೆಯ ಕೆಳಗೆ ಒಂದು ಪಟ್ಟಿ ಎದ್ದಿತು. ಅದರಲ್ಲಿ ಆಡಿಯೋ ಮತ್ತು ಸಬ್‌ಟೈಟಲ್ ಅನ್ನುವುದಕ್ಕೆ ಹೋಗಿ ಮಲಯಾಳಂ ಆರಿಸಿದಳು. ಸ್ವಲ್ಪ ಹಿಂದಕ್ಕೆ ಓಡಿಸಿದಳು. ಹೀರೋ ಮಲಯಾಳದಲ್ಲಿ ಏನೋ ಕೇಳಿದ.

"ಲೋ, ಅತ್ತಗೋದ್ರೆ ಆನೆ ತುಳಿದಾಕ್ತದೆ ಕಣ್ಲಾ. ತಿರುಗ್ಸು ಗಾಡಿ."

ಹೊರಗೆ ಮಲಗಿದ್ದ ನಮ್ಮ ನಾಯಿ ಎದ್ದು ಬಾಗಿಲಿಗೆ ಬಂತು.

ವಾರಗಿತ್ತಿ ಗೋಡೆ ನೋಡಿದಳು. "ನಿಂದೇ ಕಣಮ್ಮಿ. ಬಯ್ಯೋ ದನಿ, ಯಾರಿಗೆ ಗೊತ್ತಾಗಲ್ಲ!" ಅಂದಳು. ಅವಳ ಬಾಯಿಂದ ಅಷ್ಟು ಬಂದದ್ದು ಹೆಚ್ಚು. ನಾನು ಎಲ್ಲರಿಗೂ ಕಾಫಿ ಕಾಸಿದೆ.

ಆದರೆ ಉಳಿದ ಸಿನಿಮಾ ನೋಡಬೇಕಲ್ಲ? ಮಲಯಾಳ ಯಾರಿಗೂ ಬಾರದು. ಕೆಳಗೆ ಅಕ್ಷರ ಹಾಕೋಣ ಅಂತ ಸೊಸೆ ಹುಡುಕಿದರೆ ಅಲ್ಲಿ ಇಂಗ್ಲಿಷ್ ಒಂದೇ ಇತ್ತು, ಕನ್ನಡ ಇಟ್ಟಿರಲಿಲ್ಲ. ಕನ್ನಡದಲ್ಲೂ ನಾನು ಎರಡನೇ ಕ್ಲಾಸು, ಅಕ್ಷರ ಕೂಡಿಸುವಷ್ಟರಲ್ಲಿ ಸಿನಿಮಾ ಮುಗಿದಿರುತ್ತದೆ. ಹಾಗಾಗಿ ಕನ್ನಡಕ್ಕೇ ತಿರುಗಿಸಿ ನೋಡಿದೆವು. ಕತೆ ಪರವಾಗಿಲ್ಲ. ಹೀರೋ ನನ್ನ ಮಾತು ಕೇಳದೆ ಅತ್ತಲೇ ಹೋಗಿ ಒದೆ ತಿನ್ನುತ್ತಾನೆ.

ಈಗ ಊರಲ್ಲಿ ಯಾರು ಆ ಸಿನಿಮಾ ಹಾಕಿದರೂ ನನ್ನನ್ನು ಕರೆಯುತ್ತಾರೆ. ಕರೆಯದಿದ್ದರೂ ಹೋಗುತ್ತೇನೆ. ನನ್ನ ಭಾಗಕ್ಕೆ ಮುಂಚೆ ರಿಮೋಟ್ ಇಸಕೊಂಡು, ಕೆಳಗಿನ ಬಾಣ, ಆಡಿಯೋ, ಮಲಯಾಳಂ. ನನ್ನ ಮಾತು ಮುಗಿದ ಮೇಲೆ ಮತ್ತೆ ಕನ್ನಡ. ಮೊನ್ನೆ ವಾರಗಿತ್ತಿಯ ತವರಿನವರು ಅಂತರಸಂತೆಯಿಂದ ಬಂದಿದ್ದರು. ಅವರ ಮುಂದೆ ರಿಮೋಟ್ ನನ್ನ ಕೈಗೆ ಕೊಟ್ಟು, "ನಮ್ಮೋಳು ಬತ್ತಾಳೆ, ಸುಮ್ಕೆ ಕೇಳಿ" ಅಂದವಳು ಅವಳೇ.