ಒಂದೇ ಗೆರೆಗೆ ಕಾದ ಟೇಪಕ್ಕ

ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದದ್ದರಿಂದ ಅವಳಿಗೆ ಟೇಪಕ್ಕ ಎಂದೇ ಹೆಸರು ಬಿತ್ತು. ಬೀದಿಯ ತಿರುವಿನಲ್ಲಿ ಒಂದೇ ಬಾಗಿಲಿನ ಅಂಗಡಿ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸ. ಮದುವೆ ಮಾತುಕತೆಗೆ ಬಂದ ಹುಡುಗನನ್ನು ನೋಡಿದವಳೇ, "ಎಡ ಭುಜ ಅರ್ಧ ಇಂಚು ಇಳಿದಿದೆ" ಎಂದುಬಿಟ್ಟಳು. ಹುಡುಗ ವೈರಿಂಗ್ ಕೆಲಸದವನು. ವರ್ಷಗಟ್ಟಲೆ ಅದೇ ಭುಜದ ಮೇಲೆ ತಂತಿ ಸುರುಳಿ ಹೊತ್ತಿದ್ದ, ಹೆತ್ತ ತಾಯಿಯೂ ಅದನ್ನು ಗಮನಿಸಿರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಪಟ್ಟು ಹಿಡಿದ.

ಹೀಗೆ ಕಂಡದ್ದನ್ನೆಲ್ಲ ಅಳೆಯುತ್ತಿದ್ದ ಟೇಪಕ್ಕನಿಗೆ ಅಳತೆಗೆ ಸಿಗದೆ ಉಳಿದದ್ದು ಅತ್ತೆಯ ಗಂಟಲು. ಅತ್ತೆ ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಮೂಲೆ ಮನೆಯವರು ಉತ್ತರ ಕೊಡುತ್ತಿದ್ದರು. ಸೊಸೆಗೆ ಎರಡು ತಿಂಗಳು ಮುಟ್ಟು ನಿಂತಿದೆ ಎನ್ನುವುದು ಗಂಡನಿಗೆ ಗೊತ್ತಾದದ್ದೇ ತರಕಾರಿಯವಳಿಂದ. ಟೇಪಕ್ಕನಿಗೆ ನಾಚಿಕೆಯಿಂದ ಪ್ರಾಣ ಹೋದಂತಾಯಿತು. ಆದರೂ ಸಂತೋಷವಿತ್ತು, ಒಂದು ಪುಟ್ಟ ಅಂಗಿಗೆ ಬಟ್ಟೆಯನ್ನೂ ತೆಗೆದಿಟ್ಟಳು.

ದಿನ ಕಳೆದಂತೆ ವಾಂತಿ ಮಿತಿಮೀರಿತು. ಒಂದು ಬೆಳಿಗ್ಗೆ ರಕ್ತವೂ ಕಾಣಿಸಿತು. ಮೂವರೂ ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ಇವರ ಕಡೆ ತಿರುಗಿಸಿ, "ಮಗು ಬೆಳೆದಿಲ್ಲಮ್ಮ" ಎಂದರು. "ಮಗೂಗೆ ಆಹಾರ ಕೊಡಬೇಕಿದ್ದ ಮಾಸು ಮಾತ್ರ ದ್ರಾಕ್ಷಿ ಗೊಂಚಲಿನ ಹಾಗೆ ನೀರುಗುಳ್ಳೆ ಕಟ್ಟಿಕೊಂಡು ಬೆಳೆದಿದೆ. ಮೋಲಾರ್ ಗರ್ಭ ಅಂತೀವಿ. ಅರಿವಳಿಕೆ ಕೊಟ್ಟು ಎಳೆದು ತೆಗೀಬೇಕು."

ಅತ್ತೆಗೆ ತಕ್ಷಣ ತಿಳಿಯಬೇಕಾದದ್ದು ಒಂದೇ. "ಇದು ಯಾರ ಕಡೆಯಿಂದ ಬಂತು ಡಾಕ್ಟ್ರೇ? ನಮ್ಮ ವಂಶದಲ್ಲಂತೂ ಇಂಥದ್ದಿಲ್ಲ."

"ಈ ತರದ್ದರಲ್ಲಿ ತಾಯಿಯ ಅಂಡ ಖಾಲಿ ಇರುತ್ತೆ. ಒಳಗಿನ ವಂಶದ ಪಾಲೆಲ್ಲ ತಂದೆ ಕಡೇದೇ. ಹಾಗಂತ ಇದು ಯಾರ ತಪ್ಪೂ ಅಲ್ಲ."

ಅತ್ತೆ ಮಗನ ಮುಖ ನೋಡಿದಳು. ಮಗ ಚಾವಣಿಯ ವೈರಿಂಗ್ ನೋಡತೊಡಗಿದ.

ಗರ್ಭ ತೆರವಾದ ಮೇಲೆ ಟೇಪಕ್ಕ ಆ ಪುಟ್ಟ ಬಟ್ಟೆಯನ್ನು ಮಡಿಸಿ ಕಪಾಟಿನ ತಳಕ್ಕೆ ಹಾಕಿದಳು. ಮಗುವೇ ಇರಲಿಲ್ಲ ಎಂದ ಮೇಲೆ ಯಾತಕ್ಕೆ ಅಳುವುದು ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಗರ್ಭದ ಹಾರ್ಮೋನು ರಕ್ತದಲ್ಲಿ ಎಷ್ಟಿದೆ ಎಂದು ವಾರಕ್ಕೊಮ್ಮೆ ನೋಡಬೇಕು, ಅದು ಸಹಜ ಮಟ್ಟಕ್ಕೆ ಇಳಿಯಬೇಕು. ಅಲ್ಲಿಯವರೆಗೆ ಹೊಸ ಗರ್ಭ ನಿಲ್ಲಕೂಡದು, ನಿಂತರೆ ಆ ಅಂಕಿ ಯಾವುದರದ್ದು ಎಂದೇ ತಿಳಿಯುವುದಿಲ್ಲ ಎಂದು ಡಾಕ್ಟರಮ್ಮ ಗರ್ಭ ತಡೆಯುವ ಮಾತ್ರೆ ಬರೆದುಕೊಟ್ಟರು. ಅಂಕಿ ಎಂದರೆ ಟೇಪಕ್ಕನಿಗೆ ಪರಿಚಯದ ಊರು. ಒಂದು ಹಳೆಯ ಟೇಪನ್ನು ಮೊಳೆಗೆ ನೇತುಹಾಕಿ, ಪ್ರತಿ ವಾರ ರಿಪೋರ್ಟು ಬಂದಾಗ ಗುಂಡುಸೂಜಿಯನ್ನು ಅಂದಾಜಿನ ಮೇಲೆ ಕೆಳಗಿಳಿಸಿದಳು. ಲಕ್ಷಗಳಲ್ಲಿದ್ದದ್ದು ಸಾವಿರಕ್ಕೆ ಬಂತು. ಸೂಜಿ ಸರಸರನೆ ಇಳಿಯಿತು.

ಆಮೇಲೆ ನಿಂತುಬಿಟ್ಟಿತು. ಮುಂದಿನ ವಾರವೂ ಅಲ್ಲೇ, ಅದರ ಮುಂದಿನ ವಾರವೂ ಅಲ್ಲೇ.

ಡಾಕ್ಟರಮ್ಮ "ಇನ್ನೊಂದು ವಾರ ನೋಡೋಣ" ಎಂದರು. ನೋಡೋಣ ಎಂದು ಕೂರುವ ಜೀವವಲ್ಲ ಟೇಪಕ್ಕನದು. ಔಷಧಿ ಅಂಗಡಿಯಿಂದ ಗರ್ಭ ಪರೀಕ್ಷೆಯ ಪಟ್ಟಿಯೊಂದನ್ನು ಗುಟ್ಟಾಗಿ ತಂದಳು. ಆ ಪಟ್ಟಿ ಹಿಡಿಯುವುದೂ ಅದೇ ಹಾರ್ಮೋನನ್ನು, ಅಷ್ಟರಲ್ಲಿ ಅದು ಹೋಗಿದ್ದರೆ ಒಂದೇ ಗೆರೆ ಬರಬೇಕು ಎಂಬ ಲೆಕ್ಕಾಚಾರ. ಬಂದದ್ದು ಎರಡು, ಹೊಲಿಗೆ ಹಾಕಿದಷ್ಟು ಸ್ಪಷ್ಟ. ಅದನ್ನು ಬಟ್ಟೆ ಚೂರುಗಳ ಚೀಲಕ್ಕೆ ತುರುಕಿದಳು.

ಒಲೆ ಒರೆಸಲು ಬಟ್ಟೆ ಹುಡುಕುತ್ತಿದ್ದ ಅತ್ತೆಯ ಕೈಗೆ ಸಿಕ್ಕಿದ್ದು ಅದೇ ಪಟ್ಟಿ. ಎರಡು ಗೆರೆ ಅಂದರೇನು ಎನ್ನುವುದು ಅವಳಿಗೂ ಗೊತ್ತಿತ್ತು. ಸೊಸೆ ಅಂಗಡಿಯಿಂದ ಬರುವಷ್ಟರಲ್ಲಿ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ಪಕ್ಕದ ಮನೆಯವರು ಹಣ್ಣು ತಂದರು, ಮೂಲೆ ಮನೆಯವರು ತೊಟ್ಟಿಲು ಕೊಡುತ್ತೇವೆ ಎಂದರು. ಸಂಜೆ ಗಂಡನನ್ನು ತರಕಾರಿಯವಳು ಬೀದಿ ನಡುವೆಯೇ ತಡೆದು ಬೆನ್ನು ತಟ್ಟಿದಳು.

ಅವನು ಬೆವರುತ್ತ ಮನೆಗೆ ಬಂದ. "ಮಾತ್ರೆ ತಗೋತಿದ್ದೀಯಲ್ಲೇ?"

"ಒಂದು ದಿನಾನೂ ತಪ್ಪಿಸಿಲ್ಲ ಕಣ್ರೀ. ಅದು ಬಸುರಲ್ಲ" ಎಂದ ಟೇಪಕ್ಕ ಮೊಳೆಯ ಟೇಪಿನಲ್ಲಿ ನಿಂತ ಗುಂಡುಸೂಜಿಯ ಕಡೆ ಕೈ ತೋರಿಸಿದಳು. "ಹೋಗಬೇಕಾದ್ದು ಹೋಗಿಲ್ಲ ಅಷ್ಟೆ."

ಒಳಗಿನಿಂದ ಕೇಳಿಸಿಕೊಂಡ ಅತ್ತೆಯ ಕೈಯಿಂದ ಹಣ್ಣಿನ ಬುಟ್ಟಿ ಜಾರಿತು.

ಮರುದಿನದ ರಕ್ತಪರೀಕ್ಷೆಯಲ್ಲಿ ಅಂಕಿ ಏರಿತ್ತು. ಸ್ಕ್ಯಾನಿನಲ್ಲಿ ಹೊಸ ಗರ್ಭವಿರಲಿಲ್ಲ, ಎದೆಯ ಎಕ್ಸ್‌ರೇಯಲ್ಲೂ ಏನೂ ಇರಲಿಲ್ಲ. "ಉಳಿದ ಕಣಗಳು ಬೆಳೀತಿವೆ, ಅದಕ್ಕೇ ಆ ಎರಡು ಗೆರೆ" ಎಂದರು ಡಾಕ್ಟರಮ್ಮ, ಮೂವರನ್ನೂ ಎದುರಿಗೆ ಕೂರಿಸಿಕೊಂಡು.

ಟೇಪಕ್ಕ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕ್ಯಾನ್ಸರ್ರಾ?"

"ಆ ಜಾತಿಯದೇ. ಆದರೆ ಮದ್ದಿಗೆ ಬೇಗ ಬಗ್ಗೋ ಜಾತಿ. ಈ ಹಂತದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ವಾಸಿಯಾಗುತ್ತೆ, ಗರ್ಭಕೋಶ ತೆಗೆಯೋದೂ ಬೇಕಾಗಲ್ಲ. ಬಿರುಸಾಗಿ ಬೆಳೆಯೋ ಕಣಗಳಿಗೆ ಮದ್ದೂ ಬಿರುಸಾಗಿ ತಾಗುತ್ತೆ. ಜೊತೆಗೆ ಇದಕ್ಕೆ ಬಚ್ಚಿಟ್ಟುಕೊಳ್ಳೋಕೆ ಬರಲ್ಲ. ಎಲ್ಲಿದ್ದರೂ ಹಾರ್ಮೋನು ಸುರಿಸಿ, ಇಲ್ಲಿದ್ದೀನಿ ಅಂತ ಕೂಗಿ ಹೇಳುತ್ತೆ. ವಾರವಾರ ನೋಡಿದ್ದಕ್ಕೇ ಬೇಗ ಸಿಕ್ಕಿಬಿತ್ತು."

ಇದ್ದದ್ದನ್ನೆಲ್ಲ ಕೂಗಿ ಹೇಳುವುದು ಎಂದೊಡನೆ ಟೇಪಕ್ಕ, ಗಂಡ ಇಬ್ಬರೂ ಒಟ್ಟಿಗೆ ಅತ್ತೆಯ ಕಡೆ ನೋಡಿದರು. ಅಂಥ ಹೊತ್ತಿನಲ್ಲೂ ಟೇಪಕ್ಕನಿಗೆ ನಗು ಬಂತು.

ದಿನ ಬಿಟ್ಟು ದಿನ ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಮದ್ದಿನ ಸೂಜಿ, ನಡುವಿನ ದಿನಗಳಲ್ಲಿ ಅದರ ಕಾಟ ತಗ್ಗಿಸುವ ಮಾತ್ರೆ, ಹೀಗೆ ಒಂದು ವಾರ. ಮರುವಾರ ಬಿಡುವು, ಮತ್ತೆ ಮೊದಲಿನಿಂದ. ಕೂದಲು ಉದುರಲಿಲ್ಲ, ಬಾಯಿ ಮಾತ್ರ ಹುಣ್ಣಾಯಿತು. ಸೊಸೆಗೆ ಮಾತಾಡಲಾಗದ ದಿನಗಳಲ್ಲಿ ಇಬ್ಬರ ಪಾಲಿನ ಮಾತನ್ನೂ ಅತ್ತೆಯೇ ಆಡಿದಳು. ಗಂಜಿ ಕಾಯಿಸಿ, ಆರಿಸಿ ಕುಡಿಸಿದಳು. ಬಿಡುವಾದಾಗಲೆಲ್ಲ ಮನೆಮನೆಗೆ ಹೋಗಿ, "ಅವಳು ಬಸುರಿ ಅಲ್ಲ, ಅದು ಕಾಯಿಲೆ" ಎಂದು ತಾನೇ ಸಾರಿದ ಸುದ್ದಿಯನ್ನು ವಾಪಸು ತರಲು ಹೆಣಗಿದಳು. ಯಾರೂ ನಂಬಲಿಲ್ಲ. ಸೂಜಿಯ ದಿನ ಸೊಸೆ ಓಕರಿಸಿದ್ದು ಕೇಳಿ ತರಕಾರಿಯವಳು, "ಕಣ್ಣು ಬೀಳುತ್ತೆ ಅಂತ ಮುಚ್ಚಿಡ್ತಾ ಇದ್ದೀರಿ, ಬಿಡಿ" ಎಂದು ನಕ್ಕಳು. ಅತ್ತೆ ಮನೆಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳುವುದನ್ನೂ ಬೀದಿಯವರೆಲ್ಲ ಕೇಳಿಸಿಕೊಂಡರು.

ಗುಂಡುಸೂಜಿ ಮತ್ತೆ ಇಳಿಯತೊಡಗಿತು. ಒಂದು ವಾರ ಟೇಪಿನ ತುದಿಯ ತಗಡಿಗೆ ಮುಟ್ಟಿತು. ರಕ್ತದಲ್ಲಿ ಅಂಕಿ ಸಹಜ. ಉಳಿದಿರಬಹುದಾದ ಒಂದೆರಡು ಕಣಗಳಿಗೂ ಉಳಿಗಾಲವಿರಬಾರದು ಎಂದು ಡಾಕ್ಟರಮ್ಮ ಇನ್ನೂ ಕೆಲವು ಸುತ್ತು ಸೂಜಿ ಹಾಕಿಸಿದರು. ಕೊನೆಯ ದಿನ, "ಇನ್ನೊಂದು ವರ್ಷ ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಕೊಡು, ಗರ್ಭ ತಡೆಯೋ ಮಾತ್ರೆ ಬಿಡಬೇಡ. ಆಮೇಲೆ ಧಾರಾಳವಾಗಿ ಮಗು ಮಾಡ್ಕೋ. ಹೆಚ್ಚಿನವರಿಗೆ ಏನೂ ತೊಂದರೆಯಾಗಲ್ಲ" ಎಂದರು.

ಅತ್ತೆಗೆ ಮಾತ್ರ ಕಾಗದದ ಅಂಕಿಯ ಮೇಲೆ ನಂಬಿಕೆ ಬರಲಿಲ್ಲ. "ಆ ಎರಡು ಗೆರೆ ನಾನು ಕಣ್ಣಾರೆ ಕಂಡಿದ್ದು. ಹೋಗಿರೋದನ್ನೂ ಕಣ್ಣಾರೆ ಕಾಣಬೇಕು" ಎಂದು ತಾನೇ ಹೋಗಿ ಪಟ್ಟಿ ತಂದಳು. ಬಚ್ಚಲಿನ ಬಾಗಿಲಲ್ಲಿ ಕಾದು ನಿಂತು, ಸೊಸೆ ಹೊರಗೆ ಬಂದೊಡನೆ ಕಸಿದುಕೊಂಡಳು. ಬೆಳಕಿಗೆ ಹಿಡಿದಳು, ತಿರುಗಿಸಿದಳು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು.

ಆಮೇಲೆ ಪಟ್ಟಿ ಹಿಡಿದುಕೊಂಡೇ ಬೀದಿಗೆ ಓಡಿದಳು.

"ಕೇಳ್ರಪ್ಪೋ! ಒಂದೇ ಗೆರೆ! ನನ್ನ ಸೊಸೆ ಬಸುರಿ ಅಲ್ಲ!"

ಮೊಮ್ಮಗು ಇಲ್ಲ ಎಂದು ಇಷ್ಟು ಕುಣಿಯುವ ಅತ್ತೆಯನ್ನು ಆ ಬೀದಿ ಕಂಡಿರಲಿಲ್ಲ. ತರಕಾರಿಯವಳು ತಕ್ಕಡಿ ಹಿಡಿದವಳು ಹಾಗೇ ನಿಂತಳು. ಅತ್ತೆಯ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು ನೋಡಿದಾಗ ಅವಳಿಗೆ ಎಲ್ಲ ಅರ್ಥವಾಯಿತು. ತಕ್ಕಡಿ ಕೆಳಗಿಟ್ಟು ಬಂದು ಅತ್ತೆಯ ಕೈ ಹಿಡಿದುಕೊಂಡಳು.

ಆ ಗಂಟಲಿಗೆ ಹೆದರಿ ಮದುವೆಯಾದಾಗಿನಿಂದ ಬಾಗಿಲು ಮುಚ್ಚುತ್ತ ಬಂದಿದ್ದ ಟೇಪಕ್ಕ ಅವತ್ತು ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲಿಗೆ ಬಂದಳು.

"ಅತ್ತೇ, ಇನ್ನೊಂದ್ಸಲ ಹೇಳಿ. ಮೂಲೆ ಮನೆಗೆ ಕೇಳಿಸಿಲ್ಲ."